ಹೆಸರು ಬರೆಯಬೇಡಿ ಎಂದರೆ ಸಾಕೇ?

ವಿದ್ಯಾರ್ಥಿಗಳ ನಡುವೆ ಸಮೀಕ್ಷೆ ನಡೆಸಲು ಹೊರಟವರು ಮೊದಲು ತಮ್ಮ ಸಂಸ್ಥೆಯ ನೈತಿಕ ಸಮಿತಿಗೆ ಅರ್ಜಿ ಹಾಕಬೇಕು. ಆ ಅರ್ಜಿಯ ಮುಂಭಾಗದಲ್ಲಿ ಒಂದೆರಡು ಪುಟದ ಸಾರಾಂಶ ಇರುತ್ತದೆ. ಅದರಲ್ಲಿ ಮೂರು ವಾಕ್ಯಗಳು ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬರುತ್ತವೆ: ‘ವಿದ್ಯಾರ್ಥಿಗಳಿಂದ ಒಪ್ಪಿಗೆ ಪಡೆಯಲಾಗುವುದು. ಅವರ ಹೆಸರನ್ನು ಎಲ್ಲಿಯೂ ಬಹಿರಂಗಪಡಿಸುವುದಿಲ್ಲ. ಮಾಹಿತಿಯನ್ನು ಸುರಕ್ಷಿತವಾಗಿ ಇಡಲಾಗುವುದು.’ ಹಳೆಯ ಪ್ರಬಂಧವೊಂದರಿಂದ ಎತ್ತಿಕೊಂಡು ಬರೆದರೂ ನಡೆಯುವಷ್ಟು ಸವೆದ ವಾಕ್ಯಗಳಿವು. ಓದಲು ಸರಿಯಾಗಿಯೇ ಇವೆ. ತೊಂದರೆ ಏನೆಂದರೆ, ಈ ಮೂರು ಭರವಸೆಗಳಲ್ಲಿ ಒಂದನ್ನು ಬಿಗಿಯಾಗಿ ಹಿಡಿದರೆ ಇನ್ನೊಂದು ಸಡಿಲವಾಗುತ್ತದೆ. ಸಂಶೋಧಕರು ಎಲ್ಲಿ ಹಿಡಿದಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂಬುದು ಸಾರಾಂಶದಲ್ಲಿ ಕಾಣಿಸಬೇಕು.

ಇದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕು. 2006ರಲ್ಲಿ ಕೆಲವು ಸಮಾಜಶಾಸ್ತ್ರಜ್ಞರು ಒಂದು ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಫೇಸ್‌ಬುಕ್ ಪುಟಗಳಿಂದ ಅಭಿರುಚಿ, ಸ್ನೇಹ, ಹಿನ್ನೆಲೆಗಳ ವಿವರ ಸಂಗ್ರಹಿಸಲು ತೊಡಗಿದರು. ಸಂಸ್ಥೆಯ ಪರಿಶೀಲನಾ ಮಂಡಳಿಯ ಅನುಮತಿ ಇತ್ತು. ವಿದ್ಯಾರ್ಥಿಗಳನ್ನು ಯಾರೂ ಕೇಳಿರಲಿಲ್ಲ. 2008ರಲ್ಲಿ ಹೆಸರು, ಗುರುತಿನ ಸಂಖ್ಯೆಗಳನ್ನೆಲ್ಲ ತೆಗೆದು, ‘ಈಶಾನ್ಯ ಅಮೆರಿಕದ ಒಂದು ಖಾಸಗಿ ವಿಶ್ವವಿದ್ಯಾಲಯ’ ಎಂದಷ್ಟೇ ಹೇಳಿ ದತ್ತಾಂಶವನ್ನು ಇತರ ಸಂಶೋಧಕರಿಗೆ ಬಿಡುಗಡೆ ಮಾಡಿದರು. ಅದರ ಜೊತೆ ಒಂದು ವಿವರಣಾ ಪುಸ್ತಿಕೆ ಇತ್ತು. ಮೈಕಲ್ ಜಿಮ್ಮರ್ ಎಂಬ ವಿದ್ವಾಂಸರು ದತ್ತಾಂಶವನ್ನು ಮುಟ್ಟಲೇ ಇಲ್ಲ. ಆ ಪುಸ್ತಿಕೆ ಮತ್ತು ಸಂಶೋಧಕರು ಬಹಿರಂಗವಾಗಿ ಆಡಿದ ಮಾತುಗಳನ್ನು ಇಟ್ಟುಕೊಂಡೇ ಹುಡುಕಿದರು. ತರಗತಿಯಲ್ಲಿ 1640 ವಿದ್ಯಾರ್ಥಿಗಳಿದ್ದರು ಎಂಬ ಸಂಖ್ಯೆ, ಬೇರೆಲ್ಲೂ ಆ ಹೆಸರಿನಲ್ಲಿ ಸಿಗದ ಕೆಲವು ಅಧ್ಯಯನ ವಿಭಾಗಗಳು, ಹಾಸ್ಟೆಲ್ ಹಂಚಿಕೆಯ ಪದ್ಧತಿ, ಇಷ್ಟು ಸಾಕಾಯಿತು. ಅದು ಹಾರ್ವರ್ಡ್ ಎಂದು ತಿಳಿದುಹೋಯಿತು. ಕೆಲವು ದೇಶ, ಪ್ರಾಂತ್ಯಗಳಿಂದ ಬಂದಿದ್ದ ಒಬ್ಬೊಬ್ಬರೇ ವಿದ್ಯಾರ್ಥಿಗಳು ಆ ಪಟ್ಟಿಯಲ್ಲಿದ್ದರು. ಊರು ತಿಳಿದ ಮೇಲೆ ಅಂಥವರ ಹೆಸರು ಹುಡುಕುವುದು ಕಷ್ಟದ ಕೆಲಸವಲ್ಲ. ದತ್ತಾಂಶವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಸಂಶೋಧಕರು ಅನಾಮಿಕತೆಯ ಭರವಸೆಯನ್ನು ಪ್ರಾಮಾಣಿಕವಾಗಿಯೇ ನಂಬಿದ್ದರು. ಹೆಸರಿನ ಕಾಲಂ ಅಳಿಸಿದರೆ ಮನುಷ್ಯ ಅಳಿಸಿಹೋಗುತ್ತಾನೆ ಎಂದುಕೊಂಡದ್ದೇ ಎಡವಟ್ಟು. ನಮ್ಮ ತಾಲ್ಲೂಕು ಕೇಂದ್ರಗಳ ಪದವಿಪೂರ್ವ ಕಾಲೇಜುಗಳಲ್ಲಿ, ಹಾರ್ವರ್ಡಿಗಿಂತ ಎಷ್ಟೋ ಚಿಕ್ಕ ತರಗತಿಗಳಲ್ಲಿ, ಈ ಎಡವಟ್ಟು ಇನ್ನೂ ಸುಲಭವಾಗಿ ಆಗುತ್ತದೆ.

ಒಂದು ಅರ್ಜಿಯನ್ನು ನಾವೇ ಕಲ್ಪಿಸಿಕೊಳ್ಳೋಣ. ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ಉಪನ್ಯಾಸಕಿಯೊಬ್ಬರು ಒಂದೇ ಜಿಲ್ಲೆಯ ಮೂರು ಕಾಲೇಜುಗಳ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಲ್ಲಿ ಪರೀಕ್ಷೆಯ ಒತ್ತಡ, ನಿದ್ದೆ ಮತ್ತು ಖಿನ್ನತೆಯ ಲಕ್ಷಣಗಳನ್ನು ಅಳೆಯಬೇಕೆಂದಿದ್ದಾರೆ. ಒಟ್ಟು 412 ವಿದ್ಯಾರ್ಥಿಗಳು. ಮೂರರಲ್ಲಿ ಒಂದು ಅವರೇ ಪಾಠ ಮಾಡುವ ಕಾಲೇಜು. ಮಾನಸಿಕ ಆರೋಗ್ಯದ ಪ್ರಶ್ನೆ ಇರುವುದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳು ಇದಕ್ಕೆ ಅನ್ವಯವಾಗುತ್ತವೆ. ಆ ಮಾರ್ಗಸೂಚಿಯ ಪ್ರಕಾರ ಸಮಿತಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಸದಸ್ಯರಲ್ಲಿ ಕಾನೂನು ತಿಳಿದವರು ಇರಬೇಕು, ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ಸಾರಾಂಶವನ್ನು ಬರೆಯಬೇಕಾದದ್ದು ಈ ಕೊನೆಯ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅವರಿಗೆ ಅಂಕಿಅಂಶಗಳ ವಿಶ್ಲೇಷಣೆ ತಿಳಿಯದಿರಬಹುದು. ತಮ್ಮ ಮಗಳನ್ನೇ ಈ ಪ್ರಶ್ನೆಗಳ ಮುಂದೆ ಕೂರಿಸಿದರೆ ಏನಾಗುತ್ತದೆ ಎಂದು ಮಾತ್ರ ಚೆನ್ನಾಗಿ ತಿಳಿದಿರುತ್ತದೆ.

ಮೊದಲು ಒಪ್ಪಿಗೆಯ ವಿಚಾರ. ದ್ವಿತೀಯ ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಹದಿನೇಳು ತುಂಬಿದವರೂ ಹದಿನೆಂಟು ದಾಟಿದವರೂ ಕೂತಿರುತ್ತಾರೆ. ಹದಿನೆಂಟು ದಾಟಿದವರು ತಾವೇ ಸಹಿ ಹಾಕಬಹುದು. ಅದಕ್ಕಿಂತ ಕಿರಿಯರಿಗೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಅದರ ಜೊತೆಗೆ ಹುಡುಗ ಅಥವಾ ಹುಡುಗಿಯ ಲಿಖಿತ ಸಮ್ಮತಿಯೂ ಬೇಕು. ಏಳರಿಂದ ಹನ್ನೆರಡು ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿ ಸಾಕು. ಹನ್ನೆರಡರಿಂದ ಹದಿನೆಂಟರವರೆಗೆ ಅದು ಬರಹದಲ್ಲಿರಬೇಕು ಎನ್ನುತ್ತದೆ ಮಾರ್ಗಸೂಚಿ. ಇವೆರಡರಲ್ಲಿ ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. ಅಪ್ಪ ಸಹಿ ಹಾಕಿಕೊಟ್ಟಿದ್ದರೂ ಮಗಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ.

ಅರ್ಜಿಗಳಲ್ಲಿ ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ‘ಪ್ರಾಂಶುಪಾಲರ ಅನುಮತಿ ಪಡೆಯಲಾಗಿದೆ’ ಎಂದು ಬರೆದು, ಅವರ ಪತ್ರ ಲಗತ್ತಿಸಿ, ಒಪ್ಪಿಗೆಯ ಭಾಗವನ್ನು ಮುಗಿಸಿಬಿಡುತ್ತಾರೆ. ಪ್ರಾಂಶುಪಾಲರ ಪತ್ರ ಕಾಲೇಜಿನ ಒಳಗೆ ಕಾಲಿಡಲು ಬೇಕು, ನಿಜ. ಆದರೆ ಅವರು ವಿದ್ಯಾರ್ಥಿಯ ಪರವಾಗಿ ಹ್ಞೂಂ ಅನ್ನಲು ಬರುವುದಿಲ್ಲ.

ಅದಕ್ಕಿಂತ ಕಷ್ಟದ್ದು ತರಗತಿಯ ಒಳಗಿನ ಒತ್ತಡ. ಇಂಟರ್ನಲ್ ಅಂಕ ಕೊಡುವ ಮೇಡಂ ಬಂದು, ಕಾಗದ ಹಂಚಿ, ‘ಇಷ್ಟ ಇದ್ದರೆ ಮಾತ್ರ ತುಂಬಿ’ ಅಂದರೆ ಎಷ್ಟು ಮಂದಿ ಎದ್ದು ಹೋಗುತ್ತಾರೆ? ಹಿಂದಿನ ಬೆಂಚಿನ ಹುಡುಗನೂ ತಲೆತಗ್ಗಿಸಿ ತುಂಬುತ್ತಾನೆ. ‘ಭಾಗವಹಿಸುವಿಕೆ ಸ್ವಯಂಪ್ರೇರಿತ’ ಎಂದು ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೂ ಅದು ಸ್ವಯಂಪ್ರೇರಿತವಲ್ಲ. ಹಾಗಾಗಿ ನಮ್ಮ ಉಪನ್ಯಾಸಕಿ ತಮ್ಮ ಸಾರಾಂಶದಲ್ಲಿ ನಡೆಯುವ ಕ್ರಮವನ್ನೇ ಬರೆಯಬೇಕು. ಅವರ ಕಾಲೇಜಿನಲ್ಲಿ ಪ್ರಶ್ನಾವಳಿ ಹಂಚುವುದು ಹೊರಗಿನ ಇನ್ನೊಬ್ಬ ಸಂಶೋಧಕರು. ಆ ಹೊತ್ತಿನಲ್ಲಿ ಉಪನ್ಯಾಸಕಿಯಾಗಲಿ ಬೇರೆ ಅಧ್ಯಾಪಕರಾಗಲಿ ಕೊಠಡಿಯಲ್ಲಿ ಇರುವುದಿಲ್ಲ. ಪ್ರತಿಯೊಬ್ಬರಿಗೂ ಲಕೋಟೆಯಲ್ಲಿ ಪ್ರಶ್ನಾವಳಿ ಸಿಗುತ್ತದೆ. ಬೇಡವೆನಿಸಿದವರು ಖಾಲಿ ಹಾಳೆಯನ್ನೇ ಲಕೋಟೆಗೆ ಹಾಕಿ ಅಂಟಿಸಿ, ಎಲ್ಲರಂತೆ ಪೆಟ್ಟಿಗೆಗೆ ಹಾಕಬಹುದು. ಮನೆಯಿಂದ ಸಹಿ ಬಾರದವರಿಗೆ ಅಷ್ಟೇ ಉದ್ದದ, ಅಷ್ಟೇ ದಪ್ಪದ ಒಂದು ಪದಬಂಧದ ಹಾಳೆ ಅದೇ ಬಣ್ಣದ ಲಕೋಟೆಯಲ್ಲಿ. ಯಾರು ಬರೆದರು, ಯಾರು ಬಿಟ್ಟರು ಎಂಬುದು ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ.

ಮನೆಗೆ ಕಳಿಸುವ ಮಾಹಿತಿ ಪತ್ರದ ಭಾಷೆಯೂ ಒಪ್ಪಿಗೆಯ ಭಾಗವೇ. ‘ಹದಿಹರೆಯದವರ ಮನೋಸಾಮಾಜಿಕ ಕ್ಷೇಮದ ಮೌಲ್ಯಮಾಪನ’ ಎಂದು ಬರೆದರೆ ಹೊಲದಿಂದ ಬಂದ ತಂದೆ ಏನನ್ನು ಒಪ್ಪಿದಂತಾಯಿತು? ಹೀಗೆ ಬರೆಯಬಹುದು: ‘ನಿಮ್ಮ ಮಗ ಅಥವಾ ಮಗಳಿಗೆ ಪರೀಕ್ಷೆಯ ಹೊತ್ತಿನಲ್ಲಿ ನಿದ್ದೆ ಬರುತ್ತದೆಯೇ, ಮನಸ್ಸಿಗೆ ಬೇಸರ ಆಗುತ್ತದೆಯೇ ಎಂದು ಕಾಗದದಲ್ಲಿ ಕೇಳುತ್ತೇವೆ. ಅರ್ಧ ಗಂಟೆ ಹಿಡಿಯುತ್ತದೆ. ಬೇಡವೆಂದರೆ ಅಂಕಕ್ಕೂ ಹಾಜರಿಗೂ ಏನೂ ತೊಂದರೆಯಿಲ್ಲ. ಅವರು ಬರೆದದ್ದನ್ನು ನಿಮಗಾಗಲಿ ಕಾಲೇಜಿಗಾಗಲಿ ತೋರಿಸುವುದಿಲ್ಲ.’ ಕೊನೆಯ ವಾಕ್ಯವನ್ನು ಪೋಷಕರಿಗೆ ಮೊದಲೇ ಹೇಳಲೇಬೇಕು. ಇಲ್ಲದಿದ್ದರೆ ಸಹಿ ಹಾಕಿದವರು ಆಮೇಲೆ ಬಂದು ‘ನಮ್ಮ ಹುಡುಗ ಏನು ಬರೆದಿದ್ದಾನೆ ತೋರಿಸಿ’ ಎಂದು ಕೇಳಿದಾಗ ಸಂಶೋಧಕರ ಬಳಿ ಉತ್ತರವಿರುವುದಿಲ್ಲ. ಓದು ಬರದ ಪೋಷಕರಿದ್ದರೆ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಪತ್ರವನ್ನು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು, ಆ ಸಾಕ್ಷಿಯೂ ಸಹಿ ಹಾಕಬೇಕು.

ಈಗ ಅನಾಮಿಕತೆಗೆ ಬರೋಣ. ಉಪನ್ಯಾಸಕಿಯ ಪ್ರಶ್ನಾವಳಿಯ ಮೊದಲ ಪುಟದಲ್ಲಿ ಹೆಸರು, ರಿಜಿಸ್ಟರ್ ನಂಬರ್ ಇಲ್ಲ. ಬದಲಿಗೆ ಐದು ಸಣ್ಣ ಪ್ರಶ್ನೆಗಳಿವೆ: ಯಾವ ಕಾಲೇಜು, ಯಾವ ವಿಭಾಗ, ಗಂಡೋ ಹೆಣ್ಣೋ, ಮೀಸಲಾತಿ ವರ್ಗ ಯಾವುದು, ಹಾಸ್ಟೆಲಿನಲ್ಲಿದ್ದೀರೋ ಮನೆಯಿಂದ ಬರುತ್ತೀರೋ. ಒಂದೊಂದನ್ನೇ ನೋಡಿದರೆ ಯಾರ ಗುರುತೂ ಸಿಗುವುದಿಲ್ಲ. ಒಟ್ಟಿಗೆ ನೋಡಿದರೆ ಲೆಕ್ಕ ಬೇರೆ. ಮೂರು ಕಾಲೇಜು, ಕಲಾ ವಾಣಿಜ್ಯ ವಿಜ್ಞಾನ ಎಂದು ಮೂರು ವಿಭಾಗ, ಲಿಂಗ ಎರಡು, ಸಾಮಾನ್ಯ ವರ್ಗ, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎಂದು ವರ್ಗ ಎಂಟು, ವಾಸ ಎರಡು ಬಗೆ. ಗುಣಿಸಿದರೆ 288 ಗುಂಪುಗಳು. ಇರುವವರು 412 ಮಂದಿ. ಸರಾಸರಿ ಒಂದು ಗುಂಪಿಗೆ ಒಂದೂವರೆ ವಿದ್ಯಾರ್ಥಿಯೂ ಸಿಗುವುದಿಲ್ಲ. ಅಂದರೆ ಎಷ್ಟೋ ಗುಂಪುಗಳಲ್ಲಿ ಒಬ್ಬರೇ ಇರುತ್ತಾರೆ. ಆ ಕಾಲೇಜಿನ ವಿಜ್ಞಾನ ವಿಭಾಗದ, ಪ್ರವರ್ಗ 1ರ, ಹಾಸ್ಟೆಲಿನ ಹುಡುಗಿ ಎಂದರೆ ಕಾಲೇಜಿನ ಗುಮಾಸ್ತರಿಗೆ ಹೆಸರು ಬೇಕೇ? ಪ್ರವೇಶ ಪಟ್ಟಿ ಅವರ ಮೇಜಿನ ಮೇಲೇ ಇರುತ್ತದೆ. ಇನ್ನು ಹುಟ್ಟಿದ ದಿನಾಂಕವನ್ನೂ ಕೇಳಿಬಿಟ್ಟರೆ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಇದನ್ನು ಸರಿಪಡಿಸುವ ದಾರಿ ಪ್ರಶ್ನೆ ಕೇಳುವ ಮೊದಲೇ ಇದೆ. ಪ್ರತಿ ಪ್ರಶ್ನೆಯ ಮುಂದೆ ಕೂತು, ಇದರ ಉತ್ತರವನ್ನು ಯಾವ ಕೋಷ್ಟಕದಲ್ಲಿ ಬಳಸುತ್ತೇನೆ ಎಂದು ಕೇಳಿಕೊಳ್ಳಬೇಕು. ಒತ್ತಡಕ್ಕೂ ನಿದ್ದೆಗೂ ಇರುವ ಸಂಬಂಧ ನೋಡುವವರಿಗೆ ಮೀಸಲಾತಿ ವರ್ಗ ಏಕೆ? ಅಭ್ಯಾಸಬಲದಿಂದ ಸೇರಿಕೊಂಡದ್ದು ಅದು. ವರ್ಗವನ್ನು ಬಿಟ್ಟು, ಕಾಲೇಜಿನ ಹೆಸರನ್ನು ಹಾಳೆಯಲ್ಲಿ ಕೇಳದೆ ಮೂರೂ ಕಾಲೇಜುಗಳ ಲಕೋಟೆಗಳನ್ನು ಒಂದೇ ರಾಶಿಗೆ ಸೇರಿಸಿದರೆ ಉಳಿಯುವುದು ವಿಭಾಗ, ಲಿಂಗ, ವಾಸ. 12 ಗುಂಪು, ಸರಾಸರಿ 34 ಮಂದಿ. ಜಾತಿಯ ಅನುಭವವೇ ಅಧ್ಯಯನದ ವಿಷಯವಾಗಿದ್ದರೆ ಮಾತು ಬೇರೆ: ಆಗ ವರ್ಗವನ್ನು ಉಳಿಸಿಕೊಂಡು ಉಳಿದವನ್ನು ಕೈಬಿಡಬೇಕು. ಸರಾಸರಿಯನ್ನು ನಂಬಿಯೂ ಕೂರಬಾರದು. ಹಾಳೆಗಳು ಬಂದ ಮೇಲೆ ನಿಜವಾದ ಎಣಿಕೆ ಮಾಡಿ, ಐದಕ್ಕಿಂತ ಕಡಿಮೆ ಮಂದಿ ಇರುವ ಗುಂಪನ್ನು ಪಕ್ಕದ ಗುಂಪಿನೊಂದಿಗೆ ಸೇರಿಸಿಯೇ ಪ್ರಕಟಿಸುತ್ತೇವೆ ಎಂದು ಸಾರಾಂಶದಲ್ಲಿ ಬರೆದರೆ ಸಮಿತಿಗೆ ನಂಬಿಕೆ ಬರುತ್ತದೆ.

ಕಾಗದದ ಬದಲು ಗೂಗಲ್ ಫಾರ್ಮ್ ಬಳಸುವವರು ಇನ್ನೊಂದು ಬಗೆಯಲ್ಲಿ ಸಿಕ್ಕಿಬೀಳುತ್ತಾರೆ. ಅದರ ಸೆಟ್ಟಿಂಗ್‌ನಲ್ಲಿ Collect email addresses ಎಂಬಲ್ಲಿ Do not collect ಆರಿಸದಿದ್ದರೆ ವಿದ್ಯಾರ್ಥಿಯ ಇಮೇಲ್ ಉತ್ತರದ ಪಕ್ಕದಲ್ಲೇ ದಾಖಲಾಗಬಹುದು. ಅದನ್ನು ಸರಿಮಾಡಿದರೂ ಪ್ರತಿ ಉತ್ತರದ ಮುಂದೆ ಸಮಯ ಬಿದ್ದಿರುತ್ತದೆ. ಕಂಪ್ಯೂಟರ್ ಲ್ಯಾಬಿಗೆ ರೋಲ್ ನಂಬರ್ ಪ್ರಕಾರ ಒಬ್ಬೊಬ್ಬರನ್ನೇ ಕಳಿಸಿದ್ದರೆ ಆ ಸಮಯದ ಕಾಲಂ ಹಾಜರಿ ಪುಸ್ತಕವೇ ಆಗುತ್ತದೆ. ದತ್ತಾಂಶ ಇಳಿಸಿಕೊಂಡ ಕೂಡಲೇ ಆ ಕಾಲಂ ಅಳಿಸಿ, ಸಾಲುಗಳನ್ನು ಕಲಸಿ, ಮೂಲ ಹಾಳೆಯನ್ನು ತೆಗೆದುಹಾಕುವುದು ಒಂದು ಉಪಾಯ. ಈ ಅಧ್ಯಯನಕ್ಕಾದರೆ ಕಾಗದವೇ ವಾಸಿ ಎಂದು ನನ್ನ ಅಭಿಪ್ರಾಯ. ಮನೆಯಲ್ಲಿ ಅಣ್ಣನ ಫೋನ್ ಪಡೆದು ಉತ್ತರಿಸುವ ಹುಡುಗಿಗೆ ಯಾವ ಸೆಟ್ಟಿಂಗೂ ಏಕಾಂತ ಕೊಡಲಾರದು.

ಇಷ್ಟೆಲ್ಲ ಮಾಡಿ ಪೂರ್ತಿ ಅನಾಮಿಕವಾದ ಸಮೀಕ್ಷೆ ಸಿದ್ಧವಾಯಿತು ಅಂದುಕೊಳ್ಳಿ. ಭರವಸೆಗಳು ಒಂದನ್ನೊಂದು ಎಳೆಯುವುದು ಇಲ್ಲಿಯೇ ಶುರುವಾಗುತ್ತದೆ. ಉಪನ್ಯಾಸಕಿ ಖಿನ್ನತೆಯನ್ನು ಅಳೆಯಲು ಆರಿಸಿಕೊಂಡದ್ದು ಪಿಎಚ್‌ಕ್ಯೂ-9 ಎಂಬ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಶ್ನಾವಳಿ. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂಬ ಒಂಬತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಂಬತ್ತನೆಯದು ಸಾವಿನ ಬಗ್ಗೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಬಗ್ಗೆ ಯೋಚನೆ ಬಂದಿದೆಯೇ ಎಂದು ಕೇಳುತ್ತದೆ. ಪೆಟ್ಟಿಗೆ ತೆರೆದಾಗ ಒಂದು ಹಾಳೆಯಲ್ಲಿ ಆ ಪ್ರಶ್ನೆಗೆ ‘ಹೆಚ್ಚುಕಡಿಮೆ ಪ್ರತಿದಿನ’ ಎಂದು ಗುರುತು ಹಾಕಿದೆ. ಹೆಸರಿಲ್ಲ, ಕಾಲೇಜೂ ಇಲ್ಲ. ಮೂರು ಕಾಲೇಜುಗಳ ಎಲ್ಲೋ ಒಂದು ಬೆಂಚಿನಲ್ಲಿ ಆ ಮಗು ಕೂತಿದೆ, ತಾನು ಹೇಳಿದ್ದನ್ನು ದೊಡ್ಡವರೊಬ್ಬರು ಓದಿದ್ದಾರೆ ಎಂದು ಅಂದುಕೊಂಡಿದೆ. ಓದಿದವರಿಗೆ ಆ ಮಗುವಿನ ಬಳಿ ಹೋಗಲು ದಾರಿಯೇ ಇಲ್ಲ.

ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಹಲವರಿಗಿದೆ. ಸಂಶೋಧನೆಗಳು ಆ ಭಯವನ್ನು ಸಮರ್ಥಿಸುವುದಿಲ್ಲ. ಕೇಳಿ, ಉತ್ತರ ಪಡೆದು, ಏನೂ ಮಾಡದೆ ಬಿಡುವುದು ಇಲ್ಲಿನ ದೋಷ. ನನ್ನ ದೃಷ್ಟಿಯಲ್ಲಿ ಈ ಅರ್ಜಿಗೆ ಎರಡೇ ಪ್ರಾಮಾಣಿಕ ದಾರಿಗಳಿವೆ. ಒಂದು, ಅನಾಮಿಕತೆಯನ್ನು ಉಳಿಸಿಕೊಂಡು ಒಂಬತ್ತನೆಯ ಪ್ರಶ್ನೆಯನ್ನು ಬಿಡುವುದು. ಅದಿಲ್ಲದ ಎಂಟು ಪ್ರಶ್ನೆಗಳ ರೂಪ ಪಿಎಚ್‌ಕ್ಯೂ-8 ಎಂಬ ಹೆಸರಿನಲ್ಲಿ ಇದೆ, ದೊಡ್ಡ ಜನಸಮೀಕ್ಷೆಗಳಲ್ಲಿ ಬಳಕೆಯಲ್ಲೂ ಇದೆ. ಒಟ್ಟು ಅಂಕ 27ರ ಬದಲು 24 ಆಗುತ್ತದೆ, ಹತ್ತು ಮತ್ತು ಅದಕ್ಕಿಂತ ಹೆಚ್ಚು ಬಂದವರನ್ನು ಗಮನಿಸಬೇಕಾದವರೆಂದು ಗುರುತಿಸುವ ರೂಢಿ ಎರಡರಲ್ಲೂ ಒಂದೇ. ಇನ್ನೊಂದು, ಪ್ರಶ್ನೆಯನ್ನು ಉಳಿಸಿಕೊಂಡು ಅನಾಮಿಕತೆಯನ್ನು ಬಿಡುವುದು. ಪ್ರತಿ ಹಾಳೆಗೂ ಒಂದು ಸಂಕೇತ ಸಂಖ್ಯೆ, ಸಂಖ್ಯೆಗೂ ಹೆಸರಿಗೂ ಜೋಡಿ ಇರುವ ಪಟ್ಟಿ ಬೇರೆ ಕಡೆ. ಆ ದಿನವೇ ಹಾಳೆಗಳನ್ನು ನೋಡಿ, ಅಪಾಯ ಕಂಡ ವಿದ್ಯಾರ್ಥಿಯನ್ನು ಆಪ್ತಸಮಾಲೋಚಕರು ಏಕಾಂತದಲ್ಲಿ ಕಾಣುವ ವ್ಯವಸ್ಥೆ. ಇದನ್ನು ವಿದ್ಯಾರ್ಥಿಗೆ ಮೊದಲೇ ಹೇಳಿರಬೇಕು: ‘ನೀವು ಬರೆದದ್ದನ್ನು ಯಾರಿಗೂ ಹೇಳುವುದಿಲ್ಲ. ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ, ಮೊದಲು ನಿಮ್ಮ ಜೊತೆ ಮಾತಾಡಿ, ಸಹಾಯ ಮಾಡಬಲ್ಲವರಿಗೆ ತಿಳಿಸುತ್ತೇವೆ.’ ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು; ಅದನ್ನೂ ಮಾಹಿತಿ ಪತ್ರದಲ್ಲಿ ಮುಚ್ಚಿಡಬಾರದು. ಎರಡನೆಯ ದಾರಿಗೆ ಆಪ್ತಸಮಾಲೋಚಕರು ಬೇಕು, ದಿನ ನಿಗದಿಯಾಗಬೇಕು, ಕೆಲಸ ಹೆಚ್ಚು. ಅಷ್ಟು ಅನುಕೂಲ ಇಲ್ಲದವರು ಮೊದಲನೆಯದನ್ನು ಆರಿಸುವುದರಲ್ಲಿ ತಪ್ಪಿಲ್ಲ. ಯಾವುದೇ ಆದರೂ, ಎಲ್ಲರ ಲಕೋಟೆಯಲ್ಲೂ ಮನೆಗೆ ಒಯ್ಯಬಹುದಾದ ಒಂದು ಚೀಟಿ ಇರಲಿ, ಅದರಲ್ಲಿ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416.

ಇದೇ ಎಳೆತ ಹಿಂದೆ ಸರಿಯುವ ಹಕ್ಕಿನಲ್ಲೂ ಇದೆ. ‘ಯಾವಾಗ ಬೇಕಾದರೂ ಹಿಂದೆ ಸರಿಯಬಹುದು’ ಎಂದು ಎಲ್ಲ ಒಪ್ಪಿಗೆ ಪತ್ರಗಳಲ್ಲೂ ಬರೆಯುತ್ತಾರೆ. ಹೆಸರಿಲ್ಲದ ಹಾಳೆ ಪೆಟ್ಟಿಗೆಗೆ ಬಿದ್ದ ಮೇಲೆ ಅದನ್ನು ಹುಡುಕಿ ತೆಗೆಯುವವರು ಯಾರು? ಅನಾಮಿಕ ಸಮೀಕ್ಷೆಯಲ್ಲಿ ಬರೆಯಬೇಕಾದದ್ದು ‘ಲಕೋಟೆ ಅಂಟಿಸುವವರೆಗೆ ಹಿಂದೆ ಸರಿಯಬಹುದು, ಆಮೇಲೆ ನಿಮ್ಮ ಹಾಳೆ ಯಾವುದೆಂದು ನಮಗೂ ತಿಳಿಯುವುದಿಲ್ಲ’ ಎಂದು. ಒಪ್ಪಿಗೆ ಪತ್ರದ ಮೇಲಿನ ಸಹಿಯೂ ಇಲ್ಲಿ ಅಪಾಯವೇ. ಪ್ರಶ್ನಾವಳಿಯ ಹಿಂದೆ ಒಪ್ಪಿಗೆ ಪತ್ರವನ್ನು ಪಿನ್ ಮಾಡಿ ಸಂಗ್ರಹಿಸಿದರೆ ಹೆಸರು ಕೇಳದೆಯೇ ಹೆಸರು ಬಂದಂತೆ. ಸಹಿ ಪತ್ರಗಳನ್ನು ಸಮೀಕ್ಷೆಯ ಹಿಂದಿನ ದಿನವೇ ಬೇರೆಯಾಗಿ ಪಡೆದು, ಬೇರೆ ಕಡತದಲ್ಲಿ ಇಡಬೇಕು.

ಇನ್ನು ಸಂಗ್ರಹಣೆ. ‘ಪಾಸ್‌ವರ್ಡ್ ಇರುವ ಕಂಪ್ಯೂಟರಿನಲ್ಲಿ ಇಡಲಾಗುವುದು’ ಎಂದು ಬರೆದವರ ಹಾಳೆಗಳು ನಿಜವಾಗಿ ಸಾಗುವ ದಾರಿ ನೋಡಿ. ಅವು ಮೊದಲು ಸಂಶೋಧಕರ ಸ್ಕೂಟರಿನ ಡಿಕ್ಕಿಯಲ್ಲಿ ಮನೆಗೆ ಬರುತ್ತವೆ. ಎಂಟ್ರಿ ಮಾಡಿಸಲು ಬಸ್ ನಿಲ್ದಾಣದ ಪಕ್ಕದ ಡಿಟಿಪಿ ಸೆಂಟರಿಗೆ ಹೋಗುತ್ತವೆ. ಎಕ್ಸೆಲ್ ಫೈಲು ಪೆನ್‌ಡ್ರೈವಿನಲ್ಲೋ ವಾಟ್ಸ್ಆ್ಯಪಿನಲ್ಲೋ ವಾಪಸ್ ಬರುತ್ತದೆ. ಅಲ್ಲಿಂದ ಅಂಕಿಅಂಶ ವಿಶ್ಲೇಷಣೆ ಮಾಡಿಕೊಡುವವರಿಗೆ, ಗೈಡ್‌ಗೆ. ಪ್ರಬಂಧ ಸಲ್ಲಿಕೆಯಾಗಿ, ಮನೆ ಬದಲಿಸುವ ಹೊತ್ತಿಗೆ ಮೂಟೆಯಲ್ಲಿದ್ದ ಹಾಳೆಗಳು ರದ್ದಿ ಅಂಗಡಿ ಸೇರುತ್ತವೆ. ಈ ದಾರಿಯಲ್ಲಿ ಪಾಸ್‌ವರ್ಡ್ ಕಾಯುವುದು ಒಂದೇ ಒಂದು ನಿಲ್ದಾಣವನ್ನು. ಸಾರಾಂಶದಲ್ಲಿ ಬೇಕಾದದ್ದು ಈ ಪೂರ್ತಿ ದಾರಿ: ಹಾಳೆ ಎಲ್ಲಿಂದ ಎಲ್ಲಿಗೆ, ಯಾರ ಕೈಯಲ್ಲಿ, ಎಲ್ಲಿಯವರೆಗೆ. ಎಂಟ್ರಿಯನ್ನು ಸಂಶೋಧಕರೇ ಮಾಡಿದರೆ ಒಳ್ಳೆಯದು. ಹೊರಗೆ ಕೊಡಲೇಬೇಕಾದರೆ ಗೋಪ್ಯತೆಯ ಕರಾರಿಗೆ ಸಹಿ ಮಾಡಿದ ಒಬ್ಬರಿಗೇ ಕೊಡಬೇಕು, ವಿಭಾಗದ ಕಚೇರಿಯಲ್ಲೇ ಕೂರಿಸಿ ಮಾಡಿಸಬೇಕು.

ಇಷ್ಟನ್ನೂ ಸೇರಿಸಿ ತಿದ್ದಿ ಬರೆದಾಗ ಉಪನ್ಯಾಸಕಿಯ ಸಾರಾಂಶದ ಮುಖ್ಯ ಭಾಗ ಹೀಗಾಗುತ್ತದೆ:

‘ಹದಿನೆಂಟು ತುಂಬದ ವಿದ್ಯಾರ್ಥಿಗಳ ಒಬ್ಬ ಪೋಷಕರ ಲಿಖಿತ ಒಪ್ಪಿಗೆ ಮತ್ತು ವಿದ್ಯಾರ್ಥಿಯ ಲಿಖಿತ ಸಮ್ಮತಿ, ಹದಿನೆಂಟು ತುಂಬಿದವರ ಸ್ವಂತ ಒಪ್ಪಿಗೆಯನ್ನು ಸಮೀಕ್ಷೆಗೆ ಮುಂಚೆ ಪಡೆಯುತ್ತೇನೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಹಂಚಿಕೆ, ಸಂಗ್ರಹ ನಾನು ಮಾಡುವುದಿಲ್ಲ. ಹಾಳೆಯಲ್ಲಿ ಹೆಸರು, ಕಾಲೇಜು, ಹುಟ್ಟಿದ ದಿನಾಂಕ, ಮೀಸಲಾತಿ ವರ್ಗ ಕೇಳುವುದಿಲ್ಲ. ಖಿನ್ನತೆಯ ಅಳತೆಗೆ ಎಂಟು ಪ್ರಶ್ನೆಗಳ ರೂಪವನ್ನು ಬಳಸುತ್ತೇನೆ, ಏಕೆಂದರೆ ಅನಾಮಿಕ ಸಮೀಕ್ಷೆಯಲ್ಲಿ ಅಪಾಯದಲ್ಲಿರುವವರನ್ನು ತಲುಪಲು ನನ್ನಿಂದ ಆಗದು. ಅಂಟಿಸಿದ ಲಕೋಟೆಯನ್ನು ಹಿಂತಿರುಗಿಸಲು ಸಾಧ್ಯವಿಲ್ಲ ಎಂದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸುತ್ತೇನೆ. ಐದಕ್ಕಿಂತ ಕಡಿಮೆ ಮಂದಿಯ ಗುಂಪುಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವುದಿಲ್ಲ. ಹಾಳೆಗಳು ವಿಭಾಗದ ಬೀಗದ ಬೀರುವಿನಲ್ಲಿ, ಒಪ್ಪಿಗೆ ಪತ್ರಗಳು ಗೈಡ್ ಅವರ ಬೀರುವಿನಲ್ಲಿ ಇರುತ್ತವೆ. ಎಂಟ್ರಿಯಾದ ಫೈಲನ್ನು ನಾನು ಮತ್ತು ಗೈಡ್ ಮಾತ್ರ ನೋಡುತ್ತೇವೆ, ವಾಟ್ಸ್ಆ್ಯಪ್ ಮೂಲಕ ಕಳಿಸುವುದಿಲ್ಲ. ಪ್ರಬಂಧ ಅಂಗೀಕಾರವಾಗಿ ಐದು ವರ್ಷಗಳ ನಂತರ ಹಾಳೆಗಳನ್ನು ಚೂರು ಮಾಡಿ, ಮಾಡಿದ ದಿನಾಂಕವನ್ನು ಸಮಿತಿಗೆ ಬರೆದು ತಿಳಿಸುತ್ತೇನೆ.’

ಐದು ವರ್ಷ ಎಂಬುದು ಈ ಅರ್ಜಿಯ ಆಯ್ಕೆ. ಸಂಸ್ಥೆಯ ನಿಯಮ ಬೇರೆ ಇದ್ದರೆ ಅದನ್ನೇ ಬರೆಯಬೇಕು. ಅನುಮತಿ ಸಿಗುವುದು ಬರೆದಷ್ಟಕ್ಕೆ ಮಾತ್ರ. ಅರ್ಧದಾರಿಯಲ್ಲಿ ನಾಲ್ಕನೆಯ ಕಾಲೇಜನ್ನು ಸೇರಿಸಬೇಕೆನಿಸಿದರೆ, ಕಾಗದದ ಬದಲು ಫೋನಿನಲ್ಲಿ ಉತ್ತರ ಪಡೆಯಬೇಕೆನಿಸಿದರೆ, ಮೊದಲು ತಿದ್ದುಪಡಿ ಅರ್ಜಿಯನ್ನು ಸಮಿತಿಗೆ ಕೊಟ್ಟು, ಉತ್ತರ ಬರುವವರೆಗೆ ಕಾಯಬೇಕು.